ನಡುವಿನ ಎರಡು ದೋಸೆ

ಪೆರ್ಲ
ಮಂಗಳವಾರ ರಾತ್ರಿ

ಕೂಸೇ,

ಭಾನುವಾರ ಬೆಳಿಗ್ಗೆ ನೀನು ಫೋನು ಮಾಡುವಾಗ ನಾನು ಹಟ್ಟಿಯಲ್ಲಿದ್ದೆ. ಸರಿಯಾಗಿ ಮಾತಾಡಲು ಆಗಲಿಲ್ಲ. "ನೀರ್ದೋಸೆ ಎಲ್ಲ ಹರಿದು ಚಿಂದಿಯಾಯ್ತು ಅಮ್ಮಾ, ಇನ್ನು ಮಾಡುವುದೇ ಇಲ್ಲ" ಅಂದೆಯಲ್ಲ, ಅದು ಎರಡು ದಿನದಿಂದ ಮನಸ್ಸಿನಲ್ಲೇ ಇದೆ. ನೀನು ಕಳಿಸಿದ ಫೋಟೋಗಳನ್ನು ಇವತ್ತು ಕೂತು ಒಂದೊಂದಾಗಿ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಡುಗೆಮನೆಯಲ್ಲಿ ಎದುರಿಗೆ ಇಟ್ಟುಕೊಂಡು ಓದು.

ಒಂಬತ್ತು ದೋಸೆ ಮಾಡಿದ್ದೀಯ. ಮಾಡಿದ ಹಾಗೇ ಸಾಲಾಗಿ ಫೋಟೋ ತೆಗೆದದ್ದು ಒಳ್ಳೆಯದಾಯಿತು. ಮೊದಲಿನ ನಾಲ್ಕು ಒದ್ದೆ ಕಾಗದದ ಹಾಗೆ ಹರಿದಿವೆ. ಐದನೆಯದು, ಆರನೆಯದು ಚೆಂದ ಬಂದಿವೆ, ಬಲೆಬಲೆಯಾಗಿ ತೂತು ಬಿದ್ದಿದೆ. ಕೊನೆಯ ಮೂರು ದಪ್ಪ. ತೂತೇ ಇಲ್ಲ, ಮಡಚಿದಲ್ಲಿ ಬಿರುಕು ಬಿಟ್ಟಿದೆ. ಎಲ್ಲ ಹರಿಯಿತು ಅಂದೆಯಲ್ಲ, ಎಲ್ಲ ಹರಿದಿಲ್ಲ. ನಡುವಿನ ಎರಡು ಯಾಕೆ ಸರಿಯಾಗಿ ಎದ್ದವು ಅಂತ ಯೋಚನೆ ಮಾಡು. ಅದೇ ಅಕ್ಕಿ, ಅದೇ ಕಾವಲಿ, ಅದೇ ಕೈ. ಅಕ್ಕಿಯೋ ಕಾವಲಿಯೋ ಹಾಳಾಗಿದ್ದರೆ ಆ ಎರಡೂ ಏಳುತ್ತಿರಲಿಲ್ಲ.

ಆಗಿದ್ದು ಇಷ್ಟು. ಹಿಟ್ಟು ಪಾತ್ರೆಯಲ್ಲಿ ಕೂತುಬಿಟ್ಟಿದೆ. ನೀರ್ದೋಸೆ ಹಿಟ್ಟು ಅಂದರೆ ನೀರಿನಲ್ಲಿ ತೇಲುವ ಅಕ್ಕಿಯ ಪುಡಿ, ಬೇರೇನೂ ಅಲ್ಲ. ಉದ್ದಿನ ಹಿಟ್ಟಾದರೆ ಲೋಳೆ ಇರುತ್ತದೆ, ಅಕ್ಕಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದರಲ್ಲಿ ಉದ್ದೂ ಇಲ್ಲ, ಹುಳಿ ಬರಿಸುವುದೂ ಇಲ್ಲ. ಐದು ನಿಮಿಷ ಸುಮ್ನೆ ಬಿಟ್ಟರೆ ಅಕ್ಕಿ ಅಡಿಗೆ ಇಳಿಯುತ್ತದೆ, ಮೇಲೆ ಬರೀ ಬಿಳಿ ನೀರು ನಿಲ್ಲುತ್ತದೆ. ನೀನು ಮೇಲಿನಿಂದ ಸೌಟು ಅದ್ದಿ ತೆಗೆದಿದ್ದೀಯ. ಮೊದಲ ನಾಲ್ಕು ದೋಸೆಗೆ ನೀರು ಹೋಯಿತು, ನಡುವಿನ ಎರಡಕ್ಕೆ ಹದವಾದ ಹಿಟ್ಟು ಸಿಕ್ಕಿತು, ಕೊನೆಯ ಮೂರಕ್ಕೆ ಗಸಿ ಉಳಿಯಿತು.

ನಾನು ಈ ಮನೆಗೆ ಬಂದ ಹೊಸತರಲ್ಲಿ ನನಗೂ ಹೀಗೇ ಆಗಿತ್ತು. ಅಡಿಕೆ ಕೊಯ್ಲಿನ ದಿನ, ಏಳೆಂಟು ಜನ ಕೆಲಸದವರು ಚಾವಡಿಯಲ್ಲಿ ತಿಂಡಿಗೆ ಕೂತಿದ್ದರು. ನನ್ನ ದೋಸೆ ಒಂದೂ ಏಳುತ್ತಿರಲಿಲ್ಲ. ಅಳು ಬರುವ ಹಾಗಾಗಿತ್ತು. ನಿನ್ನ ಅಜ್ಜಿ ಹಿಂದಿನಿಂದ ಬಂದು ನನ್ನ ಕೈಯ ಸೌಟನ್ನು ಪಾತ್ರೆಯ ಅಡಿ ಮುಟ್ಟುವವರೆಗೆ ಒತ್ತಿದರು. ಅಲ್ಲಿಂದ ಒಂದು ಸುತ್ತು ತಿರುಗಿಸಿ, ನಿಲ್ಲಿಸದೆ ಅದೇ ಓಟದಲ್ಲಿ ಹಿಟ್ಟು ಎತ್ತಿ ಕಾವಲಿಗೆ ಎರೆದರು. "ಕಲಸಿ ಆಮೇಲೆ ಎತ್ತುವುದಲ್ಲ, ಕಲಸುತ್ತಾ ಎತ್ತುವುದು" ಅಂದರು. ಮುಂದಿನ ದೋಸೆ ಎದ್ದಿತು. ಅಂದಿನಿಂದ ನಾನು ಹಾಗೇ ಮಾಡುತ್ತಿದ್ದೇನೆ, ಒಂದೊಂದು ದೋಸೆಗೂ.

ಆದರೆ ನಿನ್ನ ಹಿಟ್ಟು ಅಷ್ಟು ಬೇಗ ಕೂತದ್ದಕ್ಕೆ ಇನ್ನೊಂದು ಕಾರಣವೂ ಇರಬೇಕು. ಅಕ್ಕಿ ತರಿತರಿ ಇದ್ದಷ್ಟು ಬೇಗ ಅಡಿಗೆ ಇಳಿಯುತ್ತದೆ. ಮಿಕ್ಸಿಗೆ ಒಂದೇ ಸಲ ಎಲ್ಲ ಅಕ್ಕಿ, ಎಲ್ಲ ನೀರು ಹಾಕಿದ್ದೆ ಅಲ್ವಾ? ನೀರು ಜಾಸ್ತಿ ಇದ್ದರೆ ಅಕ್ಕಿಕಾಳು ಬ್ಲೇಡಿಗೆ ಸಿಗದೆ ಸುತ್ತಾಡುತ್ತದೆ, ನುಣ್ಣಗಾಗುವುದಿಲ್ಲ. ಮೊದಲು ಸ್ವಲ್ಪವೇ ನೀರಿನಲ್ಲಿ, ಗಟ್ಟಿಯಾಗಿಯೇ ರುಬ್ಬಬೇಕು. ತೆಳ್ಳಗೆ ಮಾಡುವುದು ರುಬ್ಬಿಯಾದ ಮೇಲೆ. ನಡುನಡುವೆ ನಿಲ್ಲಿಸಿ, ಬದಿಗೆ ಅಂಟಿದ್ದನ್ನು ಕೆಳಗೆ ತಳ್ಳಿ, ಮತ್ತೆ ತಿರುಗಿಸು. ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡು. ಮರಳಿನ ಹಾಗೆ ಒಂದು ಕಣ ಸಿಕ್ಕಿದರೂ ಇನ್ನೊಮ್ಮೆ ರುಬ್ಬಬೇಕು. ಬೆಣ್ಣೆ ಮುಟ್ಟಿದ ಹಾಗೆ ಜಾರಿದರೆ ಆಯಿತು. ಇದರಲ್ಲಿ ಅವಸರ ಬೇಡ. ಈ ದೋಸೆಯನ್ನು ಹಿಡಿದು ನಿಲ್ಲಿಸುವುದು ಆ ನುಣುಪು ಒಂದೇ. ಬಿಸಿ ತಾಗಿದಾಗ ನುಣ್ಣಗಿನ ಅಕ್ಕಿ ನೀರು ಕುಡಿದು ಉಬ್ಬಿ, ಗಂಜಿಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಹಾಳೆಯಾಗುತ್ತದೆ. ತರಿ ಇದ್ದಲ್ಲಿ ಅಂಟುವುದಿಲ್ಲ, ಅಲ್ಲಿಂದಲೇ ಹರಿಯುತ್ತದೆ.

ಆಚೆಮನೆಯ ಇತ್ತಾ ಇದ್ದಾರಲ್ಲ, ಅವರು ಪತ್ತಿರಿ ರೊಟ್ಟಿ ಮಾಡುವುದನ್ನು ಚಿಕ್ಕಂದಿನಲ್ಲಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆಯಲ್ಲ. ಅದೂ ಅಕ್ಕಿಯೇ, ಅದೂ ತೆಳ್ಳಗೇ. ಆದರೆ ಅವರು ಅಕ್ಕಿಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮೊದಲೇ ಬೇಯಿಸಿಬಿಡುತ್ತಾರೆ. ಅಂಟು ಅಲ್ಲೇ ಬಂದಿರುತ್ತದೆ, ಅದಕ್ಕೇ ನಾದಿ ಲಟ್ಟಿಸಲು ಆಗುತ್ತದೆ. ನಮ್ಮದರಲ್ಲಿ ಆ ಬೇಯುವ ಕೆಲಸ ಪೂರ್ತಿ ಕಾವಲಿಯ ಮೇಲೆ, ಒಂದು ನಿಮಿಷದೊಳಗೆ ಆಗಬೇಕು. ಅದಕ್ಕೇ ಕಾವಲಿ ಅಷ್ಟು ಕಾಯಬೇಕಾಗುವುದು.

ಇನ್ನು ಅಳತೆ. ಬೆಳ್ತಿಗೆ ಅಕ್ಕಿ ಒಂದು ಗ್ಲಾಸು. ಬಾಸ್ಮತಿ ಬೇಡ, ಕುಚ್ಚಲಕ್ಕಿಯೂ ಬೇಡ. ಅಲ್ಲಿ ಸಿಗುವ ಸೋನಾ ಮಸೂರಿ ಆಗುತ್ತದೆ. ನಾಲ್ಕೈದು ಗಂಟೆ ನೆನೆಯಲಿ. ರಾತ್ರಿ ನೆನೆಹಾಕಿ ಬೆಳಿಗ್ಗೆ ರುಬ್ಬಿದರೆ ನಿನಗೆ ಸುಲಭ. ಒಂದು ಮುಷ್ಟಿ ತೆಂಗಿನತುರಿ ಸೇರಿಸಿದರೆ ಮೆತ್ತಗೆ ಬರುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಕಾಯಿಯ ಜಿಡ್ಡು ಅಕ್ಕಿಯನ್ನು ಅಂಟಲು ಬಿಡುವುದಿಲ್ಲ. ಕೈ ಕೂರುವವರೆಗೆ ಕಾಯಿ ಹಾಕಲೇ ಬೇಡ. ರುಬ್ಬಲು ಮುಕ್ಕಾಲು ಗ್ಲಾಸು ನೀರು. ಆಮೇಲೆ ಪಾತ್ರೆಗೆ ತೆಗೆದು ಉಪ್ಪು ಹಾಕಿ, ಇನ್ನೂ ಒಂದೂವರೆ ಗ್ಲಾಸು ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸು. ಅಕ್ಕಿ ಹಳತಾದರೆ ನೀರು ಇನ್ನೂ ಸ್ವಲ್ಪ ಬೇಡುತ್ತದೆ. ಹಾಗಾಗಿ ಗ್ಲಾಸಿಗಿಂತ ಸೌಟನ್ನು ನಂಬು. ಸೌಟು ಅದ್ದಿ ಎತ್ತಿದರೆ ಹಿಟ್ಟು ಹಾಲಿನ ಹಾಗೆ ಇಳಿದುಹೋಗಬೇಕು, ಸೌಟಿನ ಬೆನ್ನಿಗೆ ತೆಳುವಾದ ಬಿಳಿ ಪೊರೆ ಮಾತ್ರ ಉಳಿಯಬೇಕು. ಪೊರೆಯೇ ನಿಲ್ಲದಿದ್ದರೆ ನೀರು ಹೆಚ್ಚಾಗಿದೆ. ದಪ್ಪಗೆ ಅಂಟಿ ನಿಂತರೆ ಕಮ್ಮಿಯಾಗಿದೆ.

ನೀರು ಹೆಚ್ಚಾಯಿತು ಅಂತ ಹಿಟ್ಟು ಚೆಲ್ಲಬೇಡ. ಹದಿನೈದು ನಿಮಿಷ ಅಲುಗಾಡಿಸದೆ ಇಡು. ಕೂತುಬಿಡುವ ಗುಣ ಆಗ ನಿನ್ನ ಕೆಲಸಕ್ಕೆ ಬರುತ್ತದೆ. ಮೇಲೆ ನಿಂತ ತಿಳಿನೀರನ್ನು ಒಂದೆರಡು ಸೌಟು ಮೆಲ್ಲಗೆ ಬಗ್ಗಿಸಿ ತೆಗೆ, ಆಮೇಲೆ ಅಡಿಯಿಂದ ಚೆನ್ನಾಗಿ ಕಲಸು. ಅಷ್ಟು ಹೊತ್ತು ಇಲ್ಲದಿದ್ದರೆ ಒಂದು ಚಮಚ ಅಕ್ಕಿಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದೆ ಕದಡಿ ಸೇರಿಸು.

ಕಾವಲಿಯ ವಿಷಯ ಒಂದು ಮಾತು ಕೇಳುತ್ತೇನೆ. ನಾನು ಕೊಟ್ಟ ಬೀಡಿನ ಕಾವಲಿಯಲ್ಲಿ ನಿನ್ನ ರೂಮಿನವರು ಚಪಾತಿ ಮಾಡುತ್ತಾರಾ? ಮಾಡಿದರೆ ಬೈಯಬೇಡ, ಆದರೆ ಚಪಾತಿಗೆ ಬೇರೆಯದು ತೆಗೆದುಕೊಳ್ಳಿ. ಒಣಗೆ ಕಾದು ಕಾದು ಕಾವಲಿಯ ಎಣ್ಣೆಪಸೆ ಸುಟ್ಟುಹೋದರೆ ಅದರಲ್ಲಿ ದೋಸೆ ಏಳುವುದಿಲ್ಲ. ನಿನ್ನದು ಈ ಸಲ ಕಾವಲಿಯ ತಪ್ಪಲ್ಲ ಅಂತ ನನಗೆ ಹೇಗೆ ಗೊತ್ತು ಅಂದರೆ, ಫೋಟೋದಲ್ಲಿ ಕಾವಲಿ ಕಪ್ಪಗೆ ಸ್ವಚ್ಛವಾಗಿದೆ. ಕಾವಲಿಯದ್ದೇ ತೊಂದರೆಯಾಗಿದ್ದರೆ ದೋಸೆ ಅಂಟಿ, ಬಿಳಿ ಪೊರೆ ಅಲ್ಲೇ ಉಳಿಯುತ್ತಿತ್ತು. ನಿನ್ನದು ಕಾವಲಿ ಬಿಟ್ಟು ಎದ್ದಿದೆ, ಸಟ್ಟುಗದ ಮೇಲೆ ಬಂದಾಗ ಹರಿದಿದೆ. ಹರಿದದ್ದು ಎಲ್ಲಿ ಅಂತ ಯಾವಾಗಲೂ ನೋಡು.

ಎರೆಯುವಾಗ ಉರಿ ದೊಡ್ಡದಿರಲಿ. ನೀರು ಚಿಮುಕಿಸಿದರೆ ಹನಿ ಕೂರದೆ ಕುಣಿದು ಓಡಬೇಕು. ಎಣ್ಣೆಯನ್ನು ಬಟ್ಟೆಯಲ್ಲೋ ಅರ್ಧ ನೀರುಳ್ಳಿಯಲ್ಲೋ ಉಜ್ಜಿದರೆ ಸಾಕು. ಎಣ್ಣೆ ನಿಂತಿದ್ದರೆ ಹಿಟ್ಟು ಹಿಡಿಯದೆ ಜಾರಿ ಒಂದು ಕಡೆ ಸೇರುತ್ತದೆ. ಅಂಚಿನಿಂದ ಸುತ್ತಾ ಎರೆದುಕೊಂಡು ನಡುವಿಗೆ ಬಾ. ಚೊಂಯ್ ಅಂತ ಸದ್ದು ಬರಬೇಕು. ಆ ಸದ್ದಿನಲ್ಲೇ ನೀರು ಹಬೆಯಾಗಿ ಹಾರಿ ತೂತು ಬೀಳುವುದು. ಸೌಟಿನ ಅಡಿಯಿಂದ ತಿಕ್ಕಿ ಹರಡಬೇಡ, ಇದು ಉದ್ದಿನ ದೋಸೆ ಅಲ್ಲ. ಖಾಲಿ ಉಳಿದಲ್ಲಿಗೆ ಎರಡು ಹನಿ ಬಿಡು. ಇನ್ನೂ ಸ್ವಲ್ಪ ಉಳಿದರೆ ಉಳಿಯಲಿ.

ಎರೆದ ಕೂಡಲೇ ಮುಚ್ಚಳ ಮುಚ್ಚು, ಉರಿ ಸ್ವಲ್ಪ ತಗ್ಗಿಸು. ಮಗುಚಿ ಹಾಕುವ ದೋಸೆಯಲ್ಲವಲ್ಲ, ಮೇಲಿನ ಮೈ ಬೇಯುವುದು ಹಬೆಯಲ್ಲಿ ಮಾತ್ರ. ಮುಕ್ಕಾಲು ನಿಮಿಷ ಬಿಟ್ಟು ತೆಗೆದು ನೋಡು. ಒದ್ದೆ ಹೊಳಪು ಹೋಗಿರಬೇಕು, ಅಂಚು ತಾನಾಗಿಯೇ ಕಾವಲಿ ಬಿಟ್ಟು ಸ್ವಲ್ಪ ಮೇಲೆದ್ದಿರಬೇಕು. ಅಂಚು ಏಳದೆ ಸಟ್ಟುಗ ಹಾಕಲೇಬಾರದು. ಪ್ರತಿ ಸಲ ಮುಚ್ಚಳದ ಒಳಗಿನ ನೀರು ಒರೆಸಿಕೋ. ಆ ಹನಿ ದೋಸೆಯ ಮೇಲೆ ಬಿದ್ದರೆ ಅಷ್ಟು ಜಾಗ ಹಸಿಯಾಗಿ ಉಳಿದು ಅಲ್ಲೇ ಕಿತ್ತುಬರುತ್ತದೆ.

ಏಳಿಸುವಾಗ ಇಡೀ ದೋಸೆಯನ್ನು ಒಮ್ಮೆಲೇ ಎತ್ತಬೇಡ. ಕಾವಲಿಯ ಮೇಲೆಯೇ ಅರ್ಧಕ್ಕೆ ಮಡಚು, ಮತ್ತೆ ಕಾಲಿಗೆ ಮಡಚು, ಆಮೇಲೆ ಎತ್ತು. ನಾಲ್ಕು ಪದರ ಸೇರಿದ ಮೇಲೆ ಅದು ತನ್ನ ಭಾರವನ್ನು ತಾನೇ ಹೊರುತ್ತದೆ. ಬಿಸಿ ದೋಸೆ ತುಂಬಾ ಮೆತ್ತಗೆ, ಅಂಟು. ಒಂದರ ಮೇಲೊಂದು ಪೇರಿಸಿದರೆ ಮುದ್ದೆಯಾಗುತ್ತದೆ. ಅಗಲದ ತಟ್ಟೆಯಲ್ಲಿ ಬೇರೆ ಬೇರೆ ಹಾಕು, ಸ್ವಲ್ಪ ಹಬೆ ಆರಿದರೆ ಗಟ್ಟಿಯಾಗುತ್ತದೆ. ಆಮೇಲೆ ಜೋಡಿಸಿಟ್ಟರೂ ಬಿಡಿಸಲು ಬರುತ್ತದೆ.

ಕೊನೆಯ ಎರಡು ಮೂರು ದೋಸೆಗೆ ಬಂದಾಗ ನೆನಪಿಟ್ಟುಕೊಂಡು ಒಂದು ಚಮಚ ನೀರು ಸೇರಿಸು. ಎಷ್ಟು ಕಲಸಿದರೂ ಅಡಿಯಲ್ಲಿ ಹಿಟ್ಟು ಸ್ವಲ್ಪ ಗಟ್ಟಿಯೇ ಉಳಿಯುತ್ತದೆ, ನನಗೂ.

ಅಪ್ಪ ನಿನಗೆ ಅಂತ ನಾಲ್ಕು ಸೇರು ಬೆಳ್ತಿಗೆ ಅಕ್ಕಿ, ಎರಡು ಅಚ್ಚು ಬೆಲ್ಲ ಕಟ್ಟಿಟ್ಟಿದ್ದಾರೆ. ಬರುವ ವಾರ ನಿನ್ನ ಮಾವ ಬರುವಾಗ ತರುತ್ತಾರೆ. ಭಾನುವಾರ ಮತ್ತೆ ಮಾಡು. ಈ ಸಲವೂ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಫೋಟೋ ತೆಗೆ, ಎಷ್ಟನೆಯದು ಹರಿಯಿತು, ಕಾವಲಿಯಲ್ಲೋ ಸಟ್ಟುಗದಲ್ಲೋ ಅಂತ ಬರೆದು ಕಳಿಸು. ಎಂಟು ಗಂಟೆಯ ಮೇಲೆ ನಾನು ಹಟ್ಟಿಯಲ್ಲಿ ಇರುವುದಿಲ್ಲ, ಫೋನು ಹತ್ತಿರವೇ ಇಟ್ಟುಕೊಂಡಿರುತ್ತೇನೆ.

ಪ್ರೀತಿಯಿಂದ,
ಅಮ್ಮ