ಚೀಲ ಎಲ್ಲಿ ಹೋಯಿತು?

ಬಸವನಗುಡಿ, ಬೆಂಗಳೂರು

ಪ್ರೀತಿಯ ಚೈತ್ರಾ,

ನಿನ್ನ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಮೊದಲ ಒಂದೂವರೆ ಪುಟ ನಿನಗೆ ಬಿದ್ದ ಕನಸು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಮೊಣಕಾಲುದ್ದ ನೀರು, ಪ್ಲಾಟ್‌ಫಾರಂ ಅಂಚಿನಲ್ಲಿ ಕಂಬಳಿ ಹೊದ್ದ ಮುದುಕ, ಕೈಯಲ್ಲಿ ಕೋಲು. ನೀನು ಬಸ್ಸು ಹತ್ತಲು ಹೋದಾಗ ಅವನು ನಿನ್ನ ಹೆಗಲಿನ ಚೀಲವನ್ನು ತೆಗೆದುಕೊಂಡ, ಹಿಂದಿರುಗಿಸಲಿಲ್ಲ, ನಿನಗೆ ಎಚ್ಚರವಾಯಿತು. ಉಳಿದ ಒಂಬತ್ತೂವರೆ ಪುಟ ನೀನು ಎಚ್ಚರದಲ್ಲಿ ಮುಂದುವರಿಸಿದ್ದು. ಅಲ್ಲಿ ಅವನು ನೀರುಗಂಟಿಯಾಗಿ, ಧರ್ಮಾಂಬುಧಿ ಕೆರೆಯನ್ನು ನಗರ ನುಂಗಿದ ಕಥೆಯನ್ನು ಬಹಳ ಸೊಗಸಾಗಿ ಹೇಳುತ್ತಾನೆ. ಆ ನಿಲ್ದಾಣ ಕೆರೆಯಂಗಳದಲ್ಲಿ ಎದ್ದಿರುವುದು ನಿಜ. ಆದರೆ ಅದು ನಿನಗೆ ಮೊದಲೇ ಗೊತ್ತಿತ್ತು. ನಿನಗೆ ಗೊತ್ತಿದ್ದುದನ್ನು ಹೇಳಲು ಅವನು ಅಷ್ಟು ದೂರದಿಂದ ಬರಬೇಕಾಗಿರಲಿಲ್ಲ.

ಮೂರನೆಯ ಪುಟದ ನಂತರ ಚೀಲ ಎಲ್ಲಿ ಹೋಯಿತು, ಚೈತ್ರಾ? ಕನಸಿನಲ್ಲಿ ಅವನು ಮಾಡಿದ ಕೆಲಸ ಅದೊಂದೇ. ಅದನ್ನು ನೀನು ಕೈಬಿಟ್ಟ ಗಳಿಗೆಯಿಂದ ಅವನು ಮಾತಾಡುವುದನ್ನು ನಿಲ್ಲಿಸಿದ್ದಾನೆ, ನೀನು ಮಾತಾಡಲು ತೊಡಗಿದ್ದೀಯ. ಅಲ್ಲಿಂದ ಮುಂದೆ ಅವನ ವಾಕ್ಯಗಳೂ ನಿನ್ನ ಪ್ರಬಂಧದ ವಾಕ್ಯಗಳಂತೆಯೇ ಉದ್ದವಾಗಿವೆ.

ಕನಸನ್ನು ಎಚ್ಚರದಲ್ಲಿ ಮುಂದುವರಿಸಿ, ಅದರಲ್ಲಿ ಬಂದವರೊಂದಿಗೆ ಮಾತಾಡುವ ಈ ಅಭ್ಯಾಸಕ್ಕೆ ಸಕ್ರಿಯ ಕಲ್ಪನೆ ಎಂಬ ಹೆಸರು ಬಂದದ್ದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ ಅವರಿಂದ. 1913ರ ಡಿಸೆಂಬರಿನಲ್ಲಿ ಅವರು ತಮ್ಮ ಮೇಜಿನ ಮುಂದೆ ಕುಳಿತು, ಒಳಗಿನಿಂದ ಏಳುವ ಚಿತ್ರಗಳಿಗೆ ಬೇಕೆಂದೇ ತಮ್ಮನ್ನು ಒಪ್ಪಿಸಿಕೊಂಡರು. ಅಲ್ಲಿ ಎದುರಾದವರೊಂದಿಗೆ ಮಾತಾಡಿದರು, ಆ ಮಾತುಗಳನ್ನು ಬರೆದಿಟ್ಟರು, ಚಿತ್ರ ಬಿಡಿಸಿದರು. ಹಾಗೆ ಬರೆಯುತ್ತಿದ್ದಾಗ ಒಮ್ಮೆ ಒಳಗಿನ ಹೆಣ್ಣುದನಿಯೊಂದು, ‘ನೀನು ಮಾಡುತ್ತಿರುವುದು ಕಲೆ’ ಎಂದಿತಂತೆ. ಅವರು ಅದನ್ನು ಒಪ್ಪಲಿಲ್ಲ. ಇದು ಕಲೆಯಲ್ಲ, ಪ್ರಕೃತಿ ಎಂದು ವಾದಿಸಿದರು. ಬರಹಗಾರರಾದ ನಮಗೆ ಈ ಪ್ರಸಂಗ ಬಹಳ ಮುಖ್ಯ. ಬರೆಯಲು ಬಾರದವರಿಗೆ ಈ ಕೆಲಸದಲ್ಲಿ ಇಲ್ಲದ ಒಂದು ತೊಡಕು ನಮಗಿದೆ: ನಮ್ಮ ಕೈ ಪಳಗಿದೆ. ಎದುರಿನ ವ್ಯಕ್ತಿ ತಡವರಿಸಿದರೆ ನಾವು ಅವನ ವಾಕ್ಯವನ್ನು ಮುಗಿಸಿಬಿಡುತ್ತೇವೆ. ಅವನು ಸುಮ್ಮನಿದ್ದರೆ ಆ ಮೌನವನ್ನು ವರ್ಣಿಸುತ್ತೇವೆ. 1916ರಲ್ಲಿ ಬರೆದು ನಲವತ್ತು ವರ್ಷಗಳ ನಂತರವಷ್ಟೇ ಅಚ್ಚಾದ ಪ್ರಬಂಧವೊಂದರಲ್ಲಿ ಯೂಂಗ್ ಇದೇ ಎಚ್ಚರಿಕೆ ಕೊಟ್ಟಿದ್ದಾರೆ: ರೂಪವನ್ನು ಚೆಂದಗಾಣಿಸುವ ಆಸೆ ಹೆಚ್ಚಾದರೆ ಬಂದದ್ದರ ಅರ್ಥ ತಪ್ಪಿಹೋಗುತ್ತದೆ, ಅರ್ಥಕ್ಕೆ ಆತುರಪಟ್ಟರೆ ಬಂದದ್ದೇ ಒಣಗಿಹೋಗುತ್ತದೆ. ನಿನ್ನ ಪುಟಗಳಲ್ಲಿ ಎರಡೂ ಆಗಿವೆ.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನನ್ನದೇ ಒಂದು ಕನಸಿನಿಂದ ತೋರಿಸುತ್ತೇನೆ. ಹತ್ತೊಂಬತ್ತು ವರ್ಷಗಳಿಂದ ಅದನ್ನು ನಾನು ಯಾರಿಗೂ ಹೇಳಿಲ್ಲ, ಕಥೆಯನ್ನಾಗಿಯೂ ಮಾಡಿಲ್ಲ.

ಗಾಂಧಿ ಬಜಾರಿನಲ್ಲಿ ಹೂ ಮಾರುವವಳೊಬ್ಬಳು ಮೊಳ ಹಾಕುತ್ತಿದ್ದಳು. ಮೊಣಕೈಯಿಂದ ಬೆರಳ ತುದಿಗೆ, ಮತ್ತೆ ಮೊಣಕೈಯಿಂದ. ಆದರೆ ಅವಳ ಕೈಯಲ್ಲಿದ್ದುದು ಬರಿಯ ಬಾಳೆನಾರು, ಅದರಲ್ಲಿ ಒಂದು ಹೂವೂ ಇರಲಿಲ್ಲ. ಅವಳು ಎಣಿಸುತ್ತಲೇ ಇದ್ದಳು, ನಾರು ಕತ್ತರಿಸಲಿಲ್ಲ. ನಾನು ಹಣ ಹಿಡಿದು ನಿಂತಿದ್ದೆ. ಕನಸು ಅಲ್ಲಿಗೆ ಮುಗಿಯಿತು.

ಮರುದಿನ ಸಂಜೆ ಬಾಗಿಲು ಹಾಕಿಕೊಂಡು, ಅರ್ಧ ಗಂಟೆಗೆ ಗಡಿಯಾರವಿಟ್ಟು, ಆ ಕೊನೆಯ ನೋಟವನ್ನೇ ಕಣ್ಣಮುಂದೆ ತಂದುಕೊಂಡೆ. ಕನಸು ಎಲ್ಲಿ ಕಡಿದಿತ್ತೋ ಅಲ್ಲಿಂದಲೇ ಆರಂಭಿಸಬೇಕು. ಅದಕ್ಕೆ ಮುನ್ನುಡಿ, ಹಿನ್ನೆಲೆ ಏನನ್ನೂ ಸೇರಿಸಬಾರದು. ಚಿತ್ರವನ್ನು ನೋಡುತ್ತಿದ್ದರೆ ತುಸು ಹೊತ್ತಿಗೆ ಅದರಲ್ಲಿ ಏನಾದರೂ ತಾನಾಗಿಯೇ ಅಲುಗುತ್ತದೆ. ಅದನ್ನಷ್ಟೇ ಬರೆಯಬೇಕು. ನಾಟಕದ ಸಂಭಾಷಣೆಯ ಹಾಗೆ ‘ನಾನು’, ‘ಅವಳು’ ಎಂದು ಬರೆದರೆ ಸಾಕು, ವರ್ಣನೆ ಬೇಡ. ಆ ಸಂಜೆ ಅವಳು ಎಣಿಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ನನ್ನಿಂದ ತಡೆಯಲಾಗದೆ, ಅವಳು ಕಾಲದ ದೇವತೆ, ನನ್ನ ಆಯುಸ್ಸನ್ನು ಅಳೆಯುತ್ತಿದ್ದಾಳೆ ಎಂದು ಎರಡು ಪುಟ ಬರೆದೆ. ಬರೆದು ಮುಗಿಸಿದಾಗ ನನ್ನ ಬಗ್ಗೆ ನನಗೆ ಮೆಚ್ಚುಗೆಯಾಯಿತು. ತಪ್ಪಿದ್ದು ಗೊತ್ತಾದದ್ದೇ ಅದರಿಂದ.

ಎರಡನೆಯ ದಿನ ಬರೆಯುವುದನ್ನು ಬಿಟ್ಟು ಸೀಸದಕಡ್ಡಿ ತೆಗೆದುಕೊಂಡೆ. ನನಗೆ ಚಿತ್ರ ಬರುವುದಿಲ್ಲ. ಆದ್ದರಿಂದಲೇ ಅದು ಒಳ್ಳೆಯದಾಯಿತು. ಬುದ್ಧಿ ಗುದ್ದಾಡಿ ಸೋತ ಒಗಟನ್ನು ಕೆಲವೊಮ್ಮೆ ಕೈಗಳು ಬಿಡಿಸುತ್ತವೆ ಎಂದು ಯೂಂಗ್ ಹೇಳಿದ್ದು ಸುಳ್ಳಲ್ಲ. ಅವಳ ಮುಖ ಮೂಡಲಿಲ್ಲ. ಬೆರಳುಗಳು ಮಾತ್ರ ಮತ್ತೆ ಮತ್ತೆ ಮೂಡಿದವು, ಉಗುರಿನ ಸಂದಿಯಲ್ಲಿ ಹಸಿರು ಕಲೆಯೊಂದಿಗೆ. ಆ ಕಲೆ ಕನಸಿನಲ್ಲಿ ಇತ್ತೆಂಬುದು ನನಗೆ ನೆನಪಿರಲಿಲ್ಲ.

ಮೂರನೆಯ ದಿನ ಕೇಳಿದೆ, ‘ಯಾರಿಗೆ ಅಳೆಯುತ್ತಿದ್ದೀಯ?’

‘ನಿಂತವರಿಗೆ.’

‘ನಾನು ನಿಂತೇ ಇದ್ದೇನಲ್ಲ.’

‘ಇಲ್ಲ. ನೀನು ಹೊರಟಿದ್ದೀಯ.’

ಕತ್ತು ಬಿಸಿಯಾಯಿತು. ಸಿಟ್ಟು ಬಂತು. ಇದು ನಾನು ಬರೆಯಬಹುದಾಗಿದ್ದ ವಾಕ್ಯವಲ್ಲ, ನನಗೆ ಬೇಕಾಗಿದ್ದ ವಾಕ್ಯವಂತೂ ಅಲ್ಲವೇ ಅಲ್ಲ. ನಿಜವಾದ ಉತ್ತರ ಸಾಮಾನ್ಯವಾಗಿ ಹೀಗೆಯೇ ಬರುತ್ತದೆ: ಚಿಕ್ಕದಾಗಿ, ನಮ್ಮ ಶೈಲಿಗೆ ಹೊರತಾಗಿ, ಮೈಗೆ ಮೊದಲು ತಾಗುವಂತೆ. ಇನ್ನು ನಾನು ಸುಮ್ಮನಿರುವ ಹಾಗಿರಲಿಲ್ಲ, ಉತ್ತರ ಕೊಡಬೇಕಿತ್ತು. ಯೂಂಗ್ ಒಬ್ಬ ಯುವಕನ ಪ್ರಸಂಗ ಬರೆಯುತ್ತಾರೆ. ಅವನ ಕಲ್ಪನೆಯಲ್ಲಿ ಅವನು ಮದುವೆಯಾಗಲಿದ್ದ ಹುಡುಗಿ ಹೆಪ್ಪುಗಟ್ಟಿದ ನದಿಯತ್ತ ಓಡುತ್ತಾಳೆ, ಮಂಜುಗಡ್ಡೆ ಒಡೆದು ಬಿಟ್ಟ ಬಿರುಕಿಗೆ ಹಾರುತ್ತಾಳೆ. ಅವನು ದುಃಖದಿಂದ ನೋಡುತ್ತಾ ನಿಲ್ಲುತ್ತಾನೆ. ನಿಜವಾಗಿ ಹಾಗೆ ನಡೆದಿದ್ದರೆ ಅವನು ಸುಮ್ಮನೆ ನಿಲ್ಲುತ್ತಿದ್ದನೇ, ಅವಳನ್ನು ತಡೆಯುತ್ತಿರಲಿಲ್ಲವೇ ಎಂಬುದು ಯೂಂಗ್ ಅವರ ಪ್ರಶ್ನೆ. ನೋಡುತ್ತಾ ನಿಂತರೆ ಅದು ಬರಿಯ ಹಗಲುಗನಸು. ‘ಸಕ್ರಿಯ’ ಎಂಬ ಮಾತು ಅಲ್ಲಿರುವುದು ನಮಗಾಗಿ: ನಾವು ಅಲ್ಲಿ ಇರಬೇಕು, ನಮ್ಮದೇ ಭಯ, ನಮ್ಮದೇ ನ್ಯಾಯದೊಂದಿಗೆ.

ಅವಳು, ‘ಕುಳಿತುಕೋ, ಹೂ ಕಟ್ಟು’ ಎಂದಳು. ದಿನವಿಡೀ ಕುಳಿತಿರಬೇಕಂತೆ. ನಾನು ಆಗುವುದಿಲ್ಲ ಎಂದೆ. ನನಗೆ ಬ್ಯಾಂಕಿನ ಕೆಲಸವಿತ್ತು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿದ್ದರು. ಆ ಕಾರಣಗಳಿಗೆಲ್ಲ ಅವಳು ತಲೆ ಕೆಡಿಸಿಕೊಳ್ಳಲಿಲ್ಲ, ಎಣಿಕೆ ಮುಂದುವರಿಸಿದಳು. ಒಳಗಿನವರು ಕೇಳಿದ್ದನ್ನೆಲ್ಲ ಕೊಡಬೇಕೆಂದಿಲ್ಲ, ಚೈತ್ರಾ. ಅವರಿಗೆ ಬಾಡಿಗೆ ಗೊತ್ತಿಲ್ಲ, ಕಚೇರಿಯ ಸಮಯ ಗೊತ್ತಿಲ್ಲ. ಅವನ್ನು ತಿಳಿಸುವುದು ನಮ್ಮ ಪಾಲಿನ ಕೆಲಸ. ಮೂರು ಸಂಜೆ ಚೌಕಾಸಿ ನಡೆಯಿತು. ಭಾನುವಾರ ಒಂದು ಗಂಟೆ ಎಂದೆ. ‘ಬೆಳಿಗ್ಗೆಯೋ?’ ಎಂದಳು. ಬೆಳಿಗ್ಗೆ ಎಂದೆ. ಅಷ್ಟಕ್ಕೆ ಒಪ್ಪಿದಳು.

ಇದನ್ನು ನಾನು ಪುಸ್ತಕದಲ್ಲಿ ಬಿಟ್ಟು ಏಳಲಿಲ್ಲ. ಆ ಭಾನುವಾರ ಕಾಲು ಕೆ.ಜಿ. ಬಿಡಿ ಮಲ್ಲಿಗೆ ತಂದು, ನಾರು ನೆನೆಸಿ, ಒಂದು ಗಂಟೆ ಕಟ್ಟಿದೆ. ಹದಿನಾಲ್ಕನೆಯ ವಯಸ್ಸಿನ ನಂತರ ಕಟ್ಟಿರಲಿಲ್ಲ. ಮೊದಲ ಮಾಲೆ ಎತ್ತಿದ ಕೂಡಲೇ ಉದುರಿತು. ಎಚ್ಚರದ ಬದುಕಿನಲ್ಲಿ ಮಾಡುವ ಕೆಲಸ ಇಷ್ಟು ಚಿಕ್ಕದಾಗಿರಬೇಕು, ಯಾರಿಗೂ ನೋವಾಗದಂಥದ್ದಾಗಿರಬೇಕು. ‘ಕೆಲಸ ಬಿಡು’, ‘ಅವನಿಗೆ ಬೈದು ಬಾ’ ಎಂದು ಒಳಗಿನವರು ಹೇಳಿದರೆಂದು ಹಾಗೆಯೇ ಮಾಡುವುದು ಅಪಾಯ. ಮೂರನೆಯ ವಾರ ಮತ್ತೆ ಅವಳ ಮುಂದೆ ಕುಳಿತಾಗ ಅವಳು ನಾರನ್ನು ಕತ್ತರಿಸಿ ನನ್ನ ಕೈಗಿಟ್ಟಳು. ಹೂವಿಲ್ಲದ ನಾರು. ಅವಳು ಏನನ್ನು ಸೂಚಿಸುತ್ತಿದ್ದಳು ಎಂದು ಯಾರಾದರೂ ಕೇಳಿದರೆ ಇಂದಿಗೂ ನನ್ನಲ್ಲಿ ಒಂದು ಸಾಲಿನ ಉತ್ತರವಿಲ್ಲ. ಅವಳಿಗೆ ಏನು ಬೇಕಿತ್ತು ಎಂದು ಕೇಳಿದರೆ ಇದೆ: ನನ್ನ ಕೈಗಳು, ಒಂದು ಗಂಟೆ, ಬೆಳಿಗ್ಗೆ.

ಈಗ ನಿನ್ನ ಒಂಬತ್ತನೆಯ ಪುಟ. ಅಲ್ಲಿ ನಿನ್ನ ತಂದೆ ಬರುತ್ತಾರೆ, ನೀರುಗಂಟಿ ಅವರ ಪರವಾಗಿ ನಿನ್ನಲ್ಲಿ ಕ್ಷಮೆ ಕೇಳುತ್ತಾನೆ. ಅದನ್ನು ಮುಂದುವರಿಸಬೇಡ. ಬದುಕಿರುವವರನ್ನು, ದಿನವೂ ಮಾತಾಡುವವರನ್ನು ಇದರೊಳಗೆ ತರಬಾರದು. ಅಲ್ಲಿ ಅವರ ಬಾಯಿಂದ ನಮಗೆ ಬೇಕಾದ ಮಾತು ಆಡಿಸಿಕೊಂಡು, ಹೊರಗೆ ಅವರು ಅದನ್ನು ಆಡಲಿಲ್ಲವೆಂದು ಮುನಿಯುತ್ತೇವೆ. ಅಂಥ ಮುಖ ಬಂದರೆ ನಿಲ್ಲಿಸಿ, ಬೇರೆ ಮುಖ ತೊಟ್ಟು ಬರಲು ಹೇಳಬೇಕು. ತಂದೆಯೊಂದಿಗೆ ಆಡಬೇಕಾದ ಮಾತಿದ್ದರೆ ಅದಕ್ಕೆ ಫೋನ್ ಇದೆ.

ಇನ್ನೊಂದು ವಿಷಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಯೂಂಗ್ ಆ ವರ್ಷಗಳಲ್ಲಿ ತಮಗೆ ತಾವೇ ಹೇಳಿಕೊಳ್ಳುತ್ತಿದ್ದ ಮಾತುಗಳಿದ್ದವು: ನಾನು ವೈದ್ಯ, ನನಗೆ ಹೆಂಡತಿ ಮತ್ತು ಐದು ಮಕ್ಕಳಿದ್ದಾರೆ, ನನ್ನ ಮನೆ ಕ್ಯೂಸ್ನಾಹ್ಟ್ ಊರಿನ ಸೀಸ್ಟ್ರಾಸೆ 228ರಲ್ಲಿದೆ. ಅಷ್ಟು ಗಟ್ಟಿ ಮನುಷ್ಯನಿಗೂ ಆ ದಾರ ಬೇಕಾಗಿತ್ತು. ನೀನು ಪಿ.ಜಿ.ಯಲ್ಲಿ ಒಬ್ಬಳೇ ಇರುವವಳು. ಗಡಿಯಾರ ಬಾರಿಸಿದ ಕೂಡಲೇ ಆ ಮುದುಕನಿಗೆ ಹೇಳಿ ಏಳು, ಮುಖ ತೊಳೆ, ಊಟ ಮಾಡು. ಮಲಗುವ ಹೊತ್ತಿನಲ್ಲಿ ಇದಕ್ಕೆ ಕೂರಬೇಡ. ಪುಸ್ತಕ ಮುಚ್ಚಿದ ಮೇಲೂ ಅವನ ದನಿ ಕೇಳಿಸಿದರೆ, ನಿದ್ದೆ ಕೆಟ್ಟರೆ, ನಿನಗೋ ಇನ್ನೊಬ್ಬರಿಗೋ ಹಾನಿ ಮಾಡೆಂದು ಅವನು ಹೇಳಿದರೆ, ಅದು ಬರವಣಿಗೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಎಲ್ಲವನ್ನೂ ನಿಲ್ಲಿಸಿ ನನಗೆ ಕರೆ ಮಾಡು, ನಿಮ್ಹಾನ್ಸ್‌ಗೆ ನಾನೇ ಜೊತೆಗೆ ಬರುತ್ತೇನೆ. ಹಿಂದೆ ಎಂದಾದರೂ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದರೆ, ವೈದ್ಯರನ್ನು ಕೇಳದೆ ಇದಕ್ಕೆ ಕೂರಲೇಬೇಡ.

ಹಾಗಿಲ್ಲದಿದ್ದರೆ, ಮೊದಲ ಒಂದೂವರೆ ಪುಟವನ್ನು ಇಟ್ಟುಕೊಂಡು ಉಳಿದದ್ದನ್ನು ಬೇರೆ ಕಡತಕ್ಕೆ ಸೇರಿಸು. ಕೆರೆಯ ಬಗ್ಗೆ ಮುಂದೊಂದು ದಿನ ಲೇಖನ ಬರೆಯಲು ಅದು ಒದಗಬಹುದು. ಮತ್ತೆ ಆ ನೀರಿನಲ್ಲಿ ನಿಲ್ಲು. ಅವನ ಕೈಯಲ್ಲಿ ನಿನ್ನ ಚೀಲವಿದೆ. ಅವನು ಯಾರು ಎಂದು ಕೇಳಬೇಡ, ನೀರುಗಂಟಿ ಎಂಬ ಹೆಸರನ್ನೂ ನೀನೇ ಕೊಟ್ಟದ್ದು. ಬಸ್ಸು ತಪ್ಪುತ್ತಿದೆ, ನಿನಗೆ ಸಿಟ್ಟು ಬಂದಿದೆ ಎಂದು ಹೇಳು. ಅವನು ಉತ್ತರಿಸದಿದ್ದರೆ ಆ ದಿನದ ಪುಟ ಖಾಲಿಯೇ ಇರಲಿ. ಮೂರು ದಿನ ಖಾಲಿಯಾದರೆ ಚೀಲದ ಚಿತ್ರ ಬಿಡಿಸು. ಅದು ನೀನು ದಿನವೂ ಕಚೇರಿಗೆ ಒಯ್ಯುವ ಚೀಲವೇ ಅಥವಾ ಬೇರೆಯದೇ? ಹನ್ನೊಂದು ಪುಟಗಳಲ್ಲಿ ನೀನು ಒಮ್ಮೆಯೂ ಅದರ ಬಣ್ಣ ಹೇಳಿಲ್ಲ.

ಬಂದದ್ದನ್ನು ನನಗೆ ಓದಲು ಕಳುಹಿಸಬೇಡ. ಓದುಗರೊಬ್ಬರು ಇದ್ದಾರೆಂದು ಗೊತ್ತಾದರೆ ನಿನ್ನ ಕೈ ಮತ್ತೆ ವಾಕ್ಯ ತಿದ್ದಲು ಹೋಗುತ್ತದೆ. ಸುಮ್ಮನೆ ಮನೆಗೆ ಬಾ. ಭಾನುವಾರವಾದರೆ ಹನ್ನೊಂದರ ನಂತರ ಬಾ, ಅದಕ್ಕೆ ಮೊದಲು ಹೂ ಕಟ್ಟುವ ಕೆಲಸವಿರುತ್ತದೆ.

ಪ್ರೀತಿಯಿಂದ,
ನಿನ್ನ ಅಮ್ಮನಂಥವಳು