ಗೆದ್ದವರಿಗೆ 36, ಸೋತವರಿಗೆ 18: ಹೊಸ ರೇಟಿಂಗ್ ಲೆಕ್ಕದ ಬಗ್ಗೆ ನಮ್ಮ ಗ್ರಾಹಕರಿಗೆ

ನಮ್ಮ ಚೆಸ್ ಹಾಲ್‌ಗೆ ಬರುವ ಎಲ್ಲರಿಗೂ, ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರಿಗೂ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ಭಾನುವಾರದ ಆಟಗಳ ರೇಟಿಂಗ್ ಲೆಕ್ಕ ಬದಲಾಗುತ್ತದೆ. ಎಂಟ್ರಿ ಫೀ ಕೂಡ 10 ರೂಪಾಯಿ ಜಾಸ್ತಿ ಆಗುತ್ತದೆ. ಎರಡೂ ಒಟ್ಟಿಗೆ ಬಂದಿದ್ದರಿಂದ ಕೆಲವರು ಒಂದಕ್ಕೊಂದು ಗಂಟು ಹಾಕಿದ್ದಾರೆ. "ಪಾಯಿಂಟ್ ಕೂಡಿಸೋಕೂ ದುಡ್ಡಾ?" ಅಂತ ಕೇಳಿದವರಿದ್ದಾರೆ. ಇಲ್ಲ ಸ್ವಾಮಿ. ರೇಟಿಂಗ್ ಲೆಕ್ಕಕ್ಕೆ ನಮಗೆ ಒಂದು ಪೈಸೆ ಖರ್ಚಿಲ್ಲ, ಅದು ಒಂದು ಎಕ್ಸೆಲ್ ಶೀಟು. ಖರ್ಚು ಇರೋದು ಹಾಲ್ ಬಾಡಿಗೆಗೆ, ಕರೆಂಟ್ ಹೋದಾಗ ಓಡುವ ಯುಪಿಎಸ್‌ಗೆ, ಗಡಿಯಾರಗಳಿಗೆ. ಚೆಸ್ ಗಡಿಯಾರವನ್ನು ಮೆಲ್ಲಗೆ ಒತ್ತಿದರೂ ಸಾಕು ಅಂತ ಎಷ್ಟು ಸಲ ಹೇಳಿದರೂ ಕೆಲವು ಕೈಗಳು ಕೇಳುವುದಿಲ್ಲ. ಅದರ ಬಟನ್ ಕಿತ್ತು ಬಂದರೆ ಹೊಸ ಗಡಿಯಾರವನ್ನೇ ತರಬೇಕು. ಬಾಡಿಗೆ ಏರಿಸಿದವರು ನಾವಲ್ಲ, ಬೈಸಿಕೊಳ್ಳುವವರು ಮಾತ್ರ ನಾವು. ಇರಲಿ. ಮುಂಚೆಯೇ ಹೇಳಲು ಆಗಲಿಲ್ಲ, ಅದಕ್ಕೆ ಕ್ಷಮಿಸಿ.

ಈಗ ರೇಟಿಂಗ್ ವಿಷಯ. ವರ್ಷವಿಡೀ ನಾವು ಕೇಳುವ ದೂರು ಒಂದೇ: "ಹುಡುಗರು ಬಂದು ನಮ್ಮ ಪಾಯಿಂಟ್ ತಿಂದು ಹೋಗ್ತಾರೆ." ಹಿರಿಯರು ಹೀಗೆ ಹೇಳಿ ಚಿಕ್ಕವರ ಎದುರು ಕೂರುವುದನ್ನೇ ಬಿಡುತ್ತಿದ್ದಾರೆ. ಇದಕ್ಕೆ ಸರಿಯಾಗಿ ಉತ್ತರ ಕೊಡಬೇಕು, ಯಾಕೆಂದರೆ ಈ ದೂರಿನಲ್ಲಿ ಅರ್ಧ ತಪ್ಪಿದೆ, ಅರ್ಧ ನಿಜವಿದೆ.

1650 ರೇಟಿಂಗ್‌ನ ಒಬ್ಬ ಹಿರಿಯರು, 1250 ರೇಟಿಂಗ್‌ನ ಒಬ್ಬ ಹುಡುಗಿ ಅಂದುಕೊಳ್ಳಿ. ಅಂತರ 400. ನಾವು ಬಳಸುವುದು ಅರ್ಪಾದ್ ಎಲೊ ಅವರ ವಿಧಾನ. ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ಅವರು. ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಇದನ್ನು ಒಪ್ಪಿಕೊಂಡಿತು. ಆಟಕ್ಕೆ ಮುಂಚೆ ಒಬ್ಬೊಬ್ಬರಿಂದ ಎಷ್ಟು ನಿರೀಕ್ಷಿಸಬೇಕು ಅನ್ನುವುದನ್ನು ಈ ಸೂತ್ರ ಹೇಳುತ್ತದೆ:

```
E = 1 / (1 + 10^((ಎದುರಾಳಿ - ನೀವು) / 400))
```

ಅಂತರ 400 ಇದ್ದರೆ ಹಿರಿಯರಿಗೆ 0.91, ಹುಡುಗಿಗೆ 0.09. ಅಂದರೆ 11 ಆಟ ಆಡಿದರೆ ಹಿರಿಯರು 10 ಗೆಲ್ಲಬೇಕು, ಹುಡುಗಿ ಒಂದು ಗೆಲ್ಲಬೇಕು. ಹುಡುಗಿ ಆ ಒಂದನ್ನು ಗೆದ್ದಳು ಅನ್ನಿ. ಗೆಲುವಿಗೆ 1. ನಿರೀಕ್ಷೆ ಇದ್ದದ್ದು 0.09. ಉಳಿದ 0.91ನ್ನು ಒಂದು ಗುಣಕದಿಂದ ಗುಣಿಸಿದರೆ ಅವಳಿಗೆ ಸಿಗುವ ಪಾಯಿಂಟ್. ಇಷ್ಟು ದಿನ ನಮ್ಮಲ್ಲಿ ಆ ಗುಣಕ ಎಲ್ಲರಿಗೂ 32. ಹಾಗಾಗಿ ಅವಳಿಗೆ 29 ಬಂತು, ಹಿರಿಯರಿಗೆ 29 ಹೋಯಿತು.

"ಒಂದೇ ಆಟಕ್ಕೆ 29ಆ?" ಅಂತ ಕೇಳುವವರು ಉಳಿದ 10 ಆಟಗಳನ್ನು ಮರೆಯುತ್ತಾರೆ. ಪ್ರತಿ ಗೆಲುವಿಗೂ ಹಿರಿಯರಿಗೆ ಸುಮಾರು 2.9 ಬಂದಿರುತ್ತದೆ. ಹತ್ತು ಗೆಲುವಿಗೆ 29. ಒಂದು ಸೋಲಿಗೆ 29. ಲೆಕ್ಕ ಚುಕ್ತಾ. ಗೆದ್ದ ದಿನ 2.9ನ್ನು ಯಾರೂ ನೋಡುವುದಿಲ್ಲ, ಸೋತ ದಿನ 29 ಮಾತ್ರ ಕಣ್ಣಿಗೆ ಬೀಳುತ್ತದೆ, ಅಲ್ವಾ? ದೂರಿನ ತಪ್ಪು ಅರ್ಧ ಇದು.

ಈಗ ನಿಜವಾದ ಅರ್ಧ. ಆ ಹುಡುಗಿ ನಿಜಕ್ಕೂ 1250ರ ಆಟಗಾರ್ತಿಯಾಗಿದ್ದರೆ ಮಾತ್ರ ಲೆಕ್ಕ ಚುಕ್ತಾ ಆಗುತ್ತದೆ. ಬೇಸಿಗೆ ರಜೆ ಪೂರ್ತಿ ದಿನಾ ಆಡಿ ಅವಳ ಆಟ 1500ರ ಮಟ್ಟಕ್ಕೆ ಬಂದಿದೆ, ಪಟ್ಟಿಯಲ್ಲಿ ಮಾತ್ರ ಇನ್ನೂ 1250 ಅನ್ನಿ. ಆಗ ನಿಜವಾದ ಅಂತರ 150. ಹಿರಿಯರು ಗಳಿಸಬಹುದಾದದ್ದು ಆಟಕ್ಕೆ 0.70 ಮಾತ್ರ, ಆದರೆ ಪಟ್ಟಿ ಕೇಳುವುದು 0.91. ಚೆನ್ನಾಗಿಯೇ ಆಡುತ್ತಾ ಅವರು ಆಟಕ್ಕೆ ಸರಾಸರಿ 6.6 ಪಾಯಿಂಟ್ ಕಳೆದುಕೊಳ್ಳುತ್ತಾರೆ. ಹುಡುಗಿ ಕಲಿತದ್ದಕ್ಕೆ ಹಿರಿಯರು ಬೆಲೆ ತೆತ್ತಂತೆ ಆಯಿತು. ಒಬ್ಬರಿಂದ ಕಿತ್ತೇ ಇನ್ನೊಬ್ಬರಿಗೆ ಕೊಡುವ ಲೆಕ್ಕದಲ್ಲಿ, ಮಕ್ಕಳು ಜಾಸ್ತಿ ಇದ್ದಷ್ಟೂ ಉಳಿದವರ ರೇಟಿಂಗ್ ಕುಸಿಯುತ್ತದೆ.

ಇದು ನಮ್ಮ ಹಾಲ್‌ನ ಕಾಯಿಲೆ ಮಾತ್ರ ಅಲ್ಲ. ಫಿಡೆಗೂ ಇದೇ ಕುಸಿತದ ತಲೆನೋವು. 2024ರ ಮಾರ್ಚ್‌ನಲ್ಲಿ ಅವರು 2000ಕ್ಕಿಂತ ಕೆಳಗಿದ್ದವರ ರೇಟಿಂಗನ್ನು ಒಂದೇ ಸಲಕ್ಕೆ ಏರಿಸಿದರು. 2000ಕ್ಕೆ ಎಷ್ಟು ಕಮ್ಮಿ ಇದೆಯೋ ಅದರ 40 ಪರ್ಸೆಂಟ್ ಕೂಡಿಸಿದರು. 1250 ಇದ್ದವರು 1550 ಆದರು.

ನಾವು ಹಾಗೆ ಒಂದೇ ಸಲ ಎತ್ತುವುದಿಲ್ಲ. ಈಗಿನ ರೇಟಿಂಗ್ ಹಾಗೇ ಮುಂದುವರಿಯುತ್ತದೆ, ಗುಣಕ ಮಾತ್ರ ಬೇರೆ. ಫಿಡೆಯ ಕ್ಲಾಸಿಕಲ್ ಆಟಗಳ ನಿಯಮವನ್ನೇ ತೆಗೆದುಕೊಂಡಿದ್ದೇವೆ. 30 ಆಟ ಮುಗಿಸದ ಹೊಸಬರಿಗೆ, ಮತ್ತು 18 ತುಂಬುವ ವರ್ಷದ ಕೊನೆಯವರೆಗೆ ಮಕ್ಕಳಿಗೆ 40. ಉಳಿದವರಿಗೆ 20. ಇನ್ನು ಮುಂದೆ ಅದೇ ಹುಡುಗಿ ಅದೇ ಹಿರಿಯರನ್ನು ಸೋಲಿಸಿದರೆ ಅವಳಿಗೆ 36 ಬರುತ್ತದೆ, ಅವರಿಗೆ 18 ಹೋಗುತ್ತದೆ. ಡ್ರಾ ಆದರೆ ಅವಳಿಗೆ 16, ಅವರಿಂದ 8. ಅವಳು ಬೇಗ ತನ್ನ ನಿಜವಾದ ಜಾಗಕ್ಕೆ ಹೋಗುತ್ತಾಳೆ, ದಾರಿಯಲ್ಲಿ ಸಿಕ್ಕವರಿಗೆ ಪೆಟ್ಟು ಕಮ್ಮಿ.

"ಹಾಗಾದ್ರೆ ಅವಳ 36ರಲ್ಲಿ ಮಿಕ್ಕ 18 ಪಾಯಿಂಟ್ ಎಲ್ಲಿಂದ ಬಂತು? ಟ್ಯೂಷನ್ ಫೀಸ್ ಕಟ್ಟೋ ಮನೆಯವರನ್ನ ಖುಷಿಪಡಿಸೋಕೆ ಹಂಚ್ತಿದ್ದೀರಾ?" ಈ ಮಾತು ನೇರವಾಗಿ ಹೇಳದಿದ್ದರೂ ನಮ್ಮ ಕಿವಿಗೆ ಬಿದ್ದಿದೆ. ಬೇಜಾರೂ ಆಗಿದೆ. ಲೆಕ್ಕ ನೋಡಿ. ಹುಡುಗಿ ಸೋತಾಗಲೂ ಗುಣಕ 40 ತಾನೇ? ಅವಳಿಂದ 3.6 ಹೋಗುತ್ತದೆ, ಹಿರಿಯರಿಗೆ ಬರುವುದು 1.8. ಮಿಕ್ಕ 1.8 ಯಾರಿಗೂ ಸಿಗದೆ ಮಾಯ. ಹತ್ತು ಸೋಲಿಗೆ 18 ಮಾಯ, ಒಂದು ಗೆಲುವಿಗೆ 18 ಹೊಸದು. ಅವಳು ನಿಜಕ್ಕೂ 1250 ಆಗಿದ್ದರೆ ನಾವು ಒಂದು ಪಾಯಿಂಟನ್ನೂ ಪುಕ್ಕಟೆ ಹಂಚಿದಂತೆ ಆಗುವುದಿಲ್ಲ. ಅದಕ್ಕಿಂತ ಚೆನ್ನಾಗಿ ಆಡಿದರೆ ಮಾತ್ರ ಹೊಸ ಪಾಯಿಂಟ್ ಹುಟ್ಟುತ್ತದೆ.

ಇನ್ನೊಂದು ಪ್ರಶ್ನೆ ಅಂತರದ ಮಿತಿಯದು. 400ಕ್ಕಿಂತ ಜಾಸ್ತಿ ಅಂತರ ಇದ್ದರೂ ನಾವು 400 ಅಂತಲೇ ಲೆಕ್ಕ ಹಾಕುತ್ತೇವೆ. 1900ರವರನ್ನು ಸೋಲಿಸಿದ 1250ರ ಹುಡುಗನಿಗೂ 36ರ ಮೇಲೆ ಸಿಗುವುದಿಲ್ಲ. ಮಿತಿ ಇಲ್ಲದಿದ್ದರೆ 39 ಬರುತ್ತಿತ್ತು, ಅಷ್ಟೇ. ಆದರೆ ಆ 1900ರವರು ಒಂದು ಸೋಲನ್ನು ತುಂಬಿಕೊಳ್ಳಲು 42 ಆಟ ಗೆಲ್ಲಬೇಕಾಗುತ್ತಿತ್ತು. ಮಿತಿ ಇರುವುದರಿಂದ 10 ಸಾಕು. ಅಷ್ಟಾದರೂ ಇಲ್ಲದಿದ್ದರೆ ಅವರು ಚಿಕ್ಕವರ ಎದುರು ಯಾಕೆ ಕೂರುತ್ತಾರೆ?

ಹೊಸ ಲೆಕ್ಕಕ್ಕೂ ಮಿತಿ ಇದೆ. ಗುಣಕ 40 ಇದ್ದರೆ ರೇಟಿಂಗ್ ಜಿಗಿದಾಡುತ್ತದೆ. ಒಂದು ಕೆಟ್ಟ ಭಾನುವಾರಕ್ಕೆ ಮಗುವಿನ 60 ಪಾಯಿಂಟ್ ಹೋದರೆ ಗಾಬರಿ ಬೇಡ. ಒಂದು ಆಟ ನೋಡಬೇಡಿ, ಹತ್ತು ಆಟ ನೋಡಿ. ಹತ್ತೂ ಆಟದ ನಿರೀಕ್ಷೆ ಕೂಡಿಸಿದರೆ 4 ಬರುತ್ತದೆ, ಮಗು ಗಳಿಸಿದ್ದೂ 4ರ ಹತ್ತಿರ ಇದೆ ಅಂದರೆ ರೇಟಿಂಗ್ ಸರಿಯಾಗಿದೆ. 7 ಗಳಿಸಿದ್ದರೆ ರೇಟಿಂಗ್ ಹಿಂದೆ ಉಳಿದಿದೆ ಅಂತ ಅರ್ಥ, ಮುಂದಿನ ಆಟಗಳಲ್ಲಿ ಏರುತ್ತದೆ.

ಮಕ್ಕಳ ಜೊತೆ ಆಡುವುದಿಲ್ಲ ಅಂತ ಹೇಳಿ ಹೋದ ಹಿರಿಯರೇ, ನಿಮ್ಮ ಹಳೇ ಟೇಬಲ್ ಕಿಟಕಿ ಪಕ್ಕದಲ್ಲೇ ಇದೆ. ಲೆಕ್ಕದಲ್ಲಿ ಅನುಮಾನ ಇದ್ದವರು ಸ್ಕೋರ್‌ಶೀಟ್ ತನ್ನಿ, ಭಾನುವಾರ ಬೆಳಿಗ್ಗೆ ಆಟ ಶುರುವಾಗುವ ಮುಂಚೆ ಕೂತು ಎದುರಿಗೇ ಕೂಡಿಸಿ ತೋರಿಸುತ್ತೇವೆ. ಈ ತಿಂಗಳ ಫೀ ಕಟ್ಟಿದವರು 10 ರೂಪಾಯಿ ಮತ್ತೆ ಕೊಡಬೇಕಾಗಿಲ್ಲ.

ಇಂತಿ,
ಹಾಲ್ ನಡೆಸುವ ನಿಮ್ಮವರು