ಮಂಡ್ಯ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ: ಆ ಎಣಿಕೆಯ ಹಾಳೆ ತರಿಸಿ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಿಮ್ಮ ಕಚೇರಿಗೆ ನಾನು ಬಂದದ್ದು ಏಳು ಸಲ. ಮೂರು ಸಲ ನೀವು ಮೀಟಿಂಗ್‌ನಲ್ಲಿದ್ದಿರಿ, ಎರಡು ಸಲ ಬೆಂಗಳೂರಿನಲ್ಲಿ. ಉಳಿದೆರಡು ಸಲ ನನ್ನ ದೂರಿನ ಕಡತ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನನ್ನ ಹೆಂಡತಿಯ ಆಪರೇಷನ್ನಿನಲ್ಲಿ ಬಳಸಿದ ಬಟ್ಟೆಗಳನ್ನು ಎಣಿಸಿ ಬರೆದ ಹಾಳೆ ತರಿಸಿ ಅಂತ, ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನನ್ನದು ಪಾಂಡವಪುರ ಕಡೆಯ ಆಲೆಮನೆ. ಕಳೆದ ವರ್ಷ ಯುಗಾದಿ ಮುಗಿದ ವಾರ ನನ್ನ ಹೆಂಡತಿಗೆ ನಮ್ಮ ಜಿಲ್ಲೆಯ ಒಂದು ಖಾಸಗಿ ನರ್ಸಿಂಗ್ ಹೋಂನಲ್ಲಿ ಸಿಸೇರಿಯನ್ ಆಯಿತು. ಹೆಣ್ಣು ಮಗು, ಚೆನ್ನಾಗಿದೆ. ತಾಯಿ ಮಾತ್ರ ಸರಿಹೋಗಲಿಲ್ಲ. ಹೊಟ್ಟೆನೋವು, ಸಂಜೆಯಾದರೆ ಜ್ವರ, ಎರಡು ತುತ್ತು ತಿಂದರೆ ವಾಂತಿ. ಅದೇ ನರ್ಸಿಂಗ್ ಹೋಂಗೆ ನಾಲ್ಕು ಸಲ ಕರೆದುಕೊಂಡು ಹೋದೆ. ಗ್ಯಾಸ್ ಅಂದರು. ಹೊಲಿಗೆ ನೋವು ಅಂದರು. ಕೊನೇ ಸಲ, 'ಬಾಣಂತಿ ಸರಿಯಾಗಿ ಪಥ್ಯ ಮಾಡ್ತಿಲ್ಲ' ಅಂತ ನಮ್ಮವ್ವನಿಗೇ ಬುದ್ಧಿ ಹೇಳಿದರು.

ಒಂಬತ್ತನೇ ತಿಂಗಳಲ್ಲಿ ಮೈಸೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಅಲ್ಲಿನ ಡಾಕ್ಟರು ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಹೊಟ್ಟೆಯೊಳಗೆ ಒಂದು ಉಂಡೆ, ಅದರ ನಡುವೆ ಸುರುಳಿ ಸುತ್ತಿದ ಬಿಳಿ ಗೆರೆ. 'ಇದು ಮಾಪ್' ಅಂದರು. ಆಪರೇಷನ್ನಿನಲ್ಲಿ ರಕ್ತ ಒರೆಸುವ ಬಟ್ಟೆ. ಒಳಗೆ ಉಳಿದುಬಿಟ್ಟರೆ ಎಕ್ಸ್‌ರೇಯಲ್ಲಿ ಕಾಣಲಿ ಅಂತಲೇ ಅದರಲ್ಲಿ ಒಂದು ದಾರ ಸೇರಿಸಿ ನೇಯ್ದಿರುತ್ತಾರಂತೆ. ಅಂದರೆ ಬಟ್ಟೆ ಮಾಡುವವನಿಗೂ ಈ ಭಯ ಇದೆ! ಕರುಳು ಅದಕ್ಕೆ ಅಂಟಿಕೊಂಡಿತ್ತು. ಬಿಡಿಸಲಾಗದೆ ಒಂದು ಗೇಣು ಕರುಳು ಕತ್ತರಿಸಿದರು. ಕೀವು ಹಿಡಿದ ಆ ಬಟ್ಟೆಯನ್ನು ಡಬ್ಬಿಯಲ್ಲಿ ಹಾಕಿ ತೋರಿಸಿದಾಗ ಮೂಲೆಯಲ್ಲಿ ಹೊಲಿದ ಲಾಡಿ ಹಾಗೇ ಇತ್ತು.

ನಿಮಗೆ ದೂರು ಕೊಟ್ಟೆ. ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು, ಕಾನೂನು ನಿಮಗೆ ನಾನು ಹೇಳಬೇಕಿಲ್ಲ. ತಜ್ಞರ ವರದಿ ಬಂತು, ಎರಡು ಪುಟ. 'ಸಿಸೇರಿಯನ್ ನಿರ್ಧಾರ ಸೂಕ್ತವಾಗಿದೆ. ಶಸ್ತ್ರಚಿಕಿತ್ಸೆ ಮಾನದಂಡದಂತೆ ನಡೆದಿದೆ. ನಿರ್ಲಕ್ಷ್ಯ ಕಂಡುಬಂದಿಲ್ಲ.' ಹೊಟ್ಟೆಯಲ್ಲಿ ಸಿಕ್ಕ ಬಟ್ಟೆಗೆ ಅದರಲ್ಲಿ ಒಂದೇ ಸಾಲು. ಹೆಸರು 'ಹೊರವಸ್ತು'. ಹೊರಗಿಂದ ತಾನೇ ನಡೆದು ಬಂದ ನೆಂಟರ ಹಾಗೆ!

ಸ್ವಾಮೀ, ಸಿಸೇರಿಯನ್ ಯಾಕೆ ಮಾಡಿದಿರಿ ಅಂತ ನಾನು ಕೇಳಿಯೇ ಇಲ್ಲ. ಆ ರಾತ್ರಿ ಮಗುವಿನ ಎದೆಬಡಿತ ಇಳಿಯುತ್ತಿತ್ತು ಅಂದರು, ನಂಬಿದೆ. ಇನ್ನೊಂದು ಗಂಟೆ ಕಾಯಬಹುದಿತ್ತು ಅಂತ ಬೇರೆ ಡಾಕ್ಟರು ಹೇಳಬಹುದು. ಅದು ತೀರ್ಮಾನದ ವಿಷಯ. ಮಂಡ್ಯ ಕೋರ್ಟಿನ ನಮ್ಮ ವಕೀಲರು ಬಿಡಿಸಿ ಹೇಳಿದರು. ಡಾಕ್ಟರ ನಿರ್ಲಕ್ಷ್ಯ ಅಳೆಯಲು ಕೋರ್ಟಿಗೆ ಒಂದು ಅಳತೆಗೋಲಿದೆ, ಇಂಗ್ಲೆಂಡಿನಲ್ಲಿ 1957ರ ಬೋಲಮ್ ಮೊಕದ್ದಮೆಯಿಂದ ಬಂದದ್ದು. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೂ ಒಪ್ಪಿತು. ಡಾಕ್ಟರು ಎಲ್ಲರಿಗಿಂತ ಜಾಣನಾಗಿರಬೇಕಿಲ್ಲ. ಆ ಕೆಲಸ ಬಲ್ಲ ಸಾಧಾರಣ ಡಾಕ್ಟರು ಎಷ್ಟು ಎಚ್ಚರ ವಹಿಸುತ್ತಾರೋ ಅಷ್ಟು ವಹಿಸಿದರೆ ಸಾಕು. ಎರಡು ಒಪ್ಪಿತ ದಾರಿಗಳಲ್ಲಿ ಒಂದನ್ನು ಹಿಡಿದು ಫಲ ಕೆಟ್ಟರೆ ಅದು ನಿರ್ಲಕ್ಷ್ಯವಲ್ಲ. ನನಗೂ ನ್ಯಾಯ ಅನ್ನಿಸಿತು. ಪಾಕ ಇಳಿಸುವ ಹದ ಒಬ್ಬೊಬ್ಬನಿಗೆ ಒಂದೊಂದು ಥರ, ಒಂದು ಕೊಪ್ಪರಿಗೆ ಕೆಟ್ಟರೆ ಬಾಣಸಿಗನಿಗೆ ಕೆಲಸ ಬರಲ್ಲ ಅನ್ನೋಕಾಗಲ್ಲ.

ಆದರೆ ಬಟ್ಟೆ ಒಳಗೆ ಬಿಡುವುದರಲ್ಲಿ ಎರಡು ದಾರಿ ಎಲ್ಲಿದೆ? ಬಿಟ್ಟರೂ ಪರವಾಗಿಲ್ಲ ಅನ್ನುವ ಡಾಕ್ಟರು ಒಬ್ಬರಾದರೂ ಇದ್ದಾರಾ? ಮೈಸೂರಿನ ಆಪರೇಷನ್ ಥಿಯೇಟರಿನ ಒಬ್ಬ ಸಿಸ್ಟರ್ ನನಗೆ ಪದ್ಧತಿ ಹೇಳಿದರು. ಕುಯ್ಯುವ ಮೊದಲು ಮಾಪ್‌ಗಳನ್ನು ಇಬ್ಬರು ಸೇರಿ ಜೋರಾಗಿ ಎಣಿಸಿ ಬೋರ್ಡ್ ಮೇಲೆ ಬರೆಯುತ್ತಾರೆ. ನಡುವೆ ಹೊಸ ಕಟ್ಟು ಬಿಚ್ಚಿದರೆ ಅದೂ ಸೇರುತ್ತದೆ. ಗರ್ಭಕೋಶ ಹೊಲಿಯುವ ಮುಂಚೆ ಒಂದು ಎಣಿಕೆ, ಹೊಟ್ಟೆ ಮುಚ್ಚುವ ಮುಂಚೆ ಒಂದು, ಚರ್ಮ ಹೊಲಿಯುವಾಗ ಒಂದು. ಒಂದು ಕಮ್ಮಿ ಬಂದರೆ ಹುಡುಕಬೇಕು. ಸಿಗದಿದ್ದರೆ ಮೇಜಿನ ಮೇಲೇ ಎಕ್ಸ್‌ರೇ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕುತ್ತಾರೆ. ರಕ್ತ ಹೀರಿದ ಬಟ್ಟೆ ಮಾಂಸದ ಹಾಗೇ ಕಾಣುತ್ತದೆ, ಕಣ್ಣು ಮೋಸ ಹೋಗುತ್ತದೆ, ಅದಕ್ಕೇ ಎಣಿಕೆ ಅಂದರು.

ಆ ಹಾಳೆ ತರಿಸಿ ಅಂತ ನಾನು ಬೇಡುತ್ತಿರುವುದು. ಹಾಳೆಯಲ್ಲಿ 'ಸರಿ ಇದೆ' ಅಂತಿದ್ದರೂ ತರಿಸಿ. ಹೊಟ್ಟೆಯಲ್ಲಿ ಬಟ್ಟೆ ಸಿಕ್ಕ ಮೇಲೆ ಆ 'ಸರಿ' ಎಷ್ಟು ಸರಿ ಅಂತ ನೀವೇ ನೋಡಿ.

ನಿಮ್ಮ ಕಚೇರಿಯಲ್ಲಿ ಒಬ್ಬರು, 'ಯಾರು, ಯಾವಾಗ ಬಿಟ್ಟರು ಅಂತ ನೀವೇ ಸಾಬೀತು ಮಾಡಬೇಕಲ್ವಾ?' ಅಂದರು. ನನ್ನ ಹೆಂಡತಿ ಅರಿವಳಿಕೆಯಲ್ಲಿ ಮಲಗಿದ್ದಳು, ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ. ನಾವು ಹೇಗೆ ನೋಡೋಣ? ಇಂಥದ್ದಕ್ಕೇ ಕಾನೂನಿನಲ್ಲಿ 'ರೆಸ್ ಇಪ್ಸಾ ಲೊಕ್ವಿಟರ್' ಅಂತ ಒಂದು ಮಾತಿದೆಯಂತೆ, ಸಂಗತಿಯೇ ಮಾತಾಡುತ್ತದೆ ಅಂತ ಅರ್ಥ. ಎಚ್ಚರವಿದ್ದರೆ ಆಗದ ಕೆಲಸ ಆಗಿದ್ದರೆ, ಎಲ್ಲವೂ ಆಸ್ಪತ್ರೆಯವರ ಕೈಯಲ್ಲೇ ಇದ್ದಿದ್ದರೆ, ಹೇಗಾಯಿತು ಅಂತ ಅವರು ಹೇಳಬೇಕು. ಹೇಳಲಿ, ನಾನು ಬೇಡ ಅಂದಿಲ್ಲ. ರಕ್ತ ಉಕ್ಕುತ್ತಿತ್ತು, ಜೀವ ಉಳಿಸುವ ಆತುರದಲ್ಲಿ ಎಣಿಸಲಾಗಲಿಲ್ಲ ಅನ್ನುವುದಾದರೆ ಅದನ್ನೇ ಹೇಳಲಿ. ಹಾಗಿದ್ದರೆ ಆಮೇಲೆ ಎಕ್ಸ್‌ರೇ ಯಾಕೆ ತೆಗೆಸಲಿಲ್ಲ ಅಂತಲೂ ಹೇಳಲಿ.

ಇದು ಹೊಸದೂ ಅಲ್ಲ. 1963ರ ಜುಲೈನಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಆಪರೇಷನ್ ಆದ ಒಬ್ಬ ಬಾಣಂತಿಯ ಹೊಟ್ಟೆಯಲ್ಲಿ ಮಾಪ್ ಉಳಿಯಿತು. ಮತ್ತೆ ಹೊಟ್ಟೆ ತೆರೆದು ತೆಗೆದರೂ ಅದೇ ತಿಂಗಳು ತೀರಿಕೊಂಡಳು. ಅಚ್ಯುತರಾವ್ ಖೋಡ್ವಾ ಪ್ರಕರಣ ಅಂತ ಹೆಸರು. ಹೈಕೋರ್ಟಿನಲ್ಲಿ ಸೋತ ಆ ಮನೆಯವರಿಗೆ ಸುಪ್ರೀಂ ಕೋರ್ಟು 1996ರಲ್ಲಿ ನ್ಯಾಯ ಕೊಟ್ಟಿತು. ಬಟ್ಟೆ ಉಳಿದದ್ದೇ ನಿರ್ಲಕ್ಷ್ಯ ತೋರಿಸುತ್ತದೆ ಅಂದಿತು, ಆಸ್ಪತ್ರೆ ನಡೆಸುವ ಸರ್ಕಾರದ ಮೇಲೇ ಹೊಣೆ ಹೊರಿಸಿತು. 33 ವರ್ಷ. ನಿಮ್ಮ ಕಡತಕ್ಕೂ ಅದೇ ವೇಗ ಇದೆ ಬಿಡಿ.

ಡಾಕ್ಟರನ್ನು ಜೈಲಿಗೆ ಹಾಕಿ ಅಂತಲೂ ನಾನು ಕೇಳುತ್ತಿಲ್ಲ. ಅದಕ್ಕೆ ಘೋರ ನಿರ್ಲಕ್ಷ್ಯವೇ ಬೇಕು, ಸಂಗತಿಯೇ ಮಾತಾಡುತ್ತೆ ಅಂದುಬಿಟ್ಟರೆ ಸಾಲದು ಅಂತ ಜೇಕಬ್ ಮ್ಯಾಥ್ಯೂ ತೀರ್ಪೇ ಹೇಳುತ್ತದೆ. ನನ್ನದು ಸಿವಿಲ್ ಹೊಣೆ, ಟಾರ್ಟ್ ಅನ್ನುತ್ತಾರಲ್ಲ, ಅದು. ನಷ್ಟ ಕಟ್ಟಿಕೊಡುವ ಮಾತು.

ನನ್ನ ಆತುರ ಯಾಕೆ ಅಂದರೆ, ಗ್ರಾಹಕ ಆಯೋಗಕ್ಕೆ ಹೋಗಲು 2 ವರ್ಷ ಗಡುವು. ನೀವು ತಡ ಮಾಡಿದ ಒಂದೊಂದು ತಿಂಗಳೂ ನನ್ನ ಲೆಕ್ಕದಲ್ಲೇ ಕಳೆಯುತ್ತದೆ. ರೋಗಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಿಯಮವೇ ಇದೆ. ನಾನು ಬರೆದು ಕೇಳಿ ಐದು ತಿಂಗಳಾಯಿತು. ಡಿಸ್ಚಾರ್ಜ್ ಸಮ್ಮರಿ ಕೊಟ್ಟರು, ಬಿಲ್ಲು ಕೊಟ್ಟರು. ಬಿಲ್ಲಿನಲ್ಲಿ ಮಾಪ್‌ಗೂ ದುಡ್ಡು ಹಿಡಿದಿದ್ದಾರೆ. ಕೊಟ್ಟ ದುಡ್ಡಿಗೆ ಸಾಮಾನು ನಮ್ಮ ಜೊತೆಗೇ ಕಳಿಸಿದ್ದಾರೆ, ಪ್ರಾಮಾಣಿಕರು! ಹಾಳೆ ಮಾತ್ರ ಕೊಡಲಿಲ್ಲ.

ನಮ್ಮ ಆಲೆಮನೆಯಲ್ಲಿ ಸಂಜೆ ಬೆಲ್ಲದ ಅಚ್ಚು ಎಣಿಸಿ ಪುಸ್ತಕದಲ್ಲಿ ಬರೆಯುತ್ತೇವೆ. ಒಂದು ಕಮ್ಮಿ ಬಂದರೆ ದೀಪ ಹಚ್ಚಿ ಹುಡುಕುತ್ತೇವೆ. ಎರಡೂವರೆ ರೂಪಾಯಿ ಲಾಭದ ಸಾಮಾನು ಅದು.

ಅವಳು ಇನ್ನೂ ಮಗು ಎತ್ತಿಕೊಳ್ಳಲಾಗದೆ ಕೂತೇ ಆಡಿಸುತ್ತಾಳೆ. ಆ ಎಣಿಕೆಯ ಹಾಳೆ ತರಿಸಿ, ಒಂದು ಪ್ರತಿ ನನಗೆ ಕೊಡಿ. ಹಾಳೆಯೇ ಇಲ್ಲ ಅಂದರೆ ಇಲ್ಲ ಅಂತ ಬರೆದು ಸಹಿ ಹಾಕಿಸಿ ಕೊಡಿ. ಸೋಮವಾರ ಹತ್ತೂವರೆಗೆ ಮತ್ತೆ ಬರುತ್ತೇನೆ, ಎಂಟನೇ ಸಲ.

ಇತಿ,
ಪಾಂಡವಪುರ ಕಡೆಯ ಒಬ್ಬ ಆಲೆಮನೆಯವನು